ಮಹಾಪ್ರಬಂಧದಿಂದ ಲೇಖನಗಳಿಗೆ: ನಿಸಿದಿಕಲ್ಲುಗಳ ಒಂದು ನಿದರ್ಶನ

ಪಾಳಾದಿಂದ ಬನವಾಸಿಯವರೆಗಿನ ಸೀಮೆಯ ನಿಸಿದಿಕಲ್ಲುಗಳನ್ನು ಕುರಿತು ಸಂಶೋಧಕನೊಬ್ಬ ಮಹಾಪ್ರಬಂಧ ಬರೆದಿದ್ದಾನೆಂದು ಭಾವಿಸಿದರೆ, ಅದರ ಅಧ್ಯಾಯವೊಂದನ್ನು ಬಿಡಿಸಿ ಕಳುಹಿಸಿದ ಮಾತ್ರಕ್ಕೆ ಅದು ಲೇಖನವಾಗದು. ಅಧ್ಯಾಯವು ಹಿಂದಿನ ಅಧ್ಯಾಯಗಳನ್ನು ಆಧರಿಸಿ ನಿಲ್ಲುತ್ತದೆ. ಲೇಖನವು ಒಂದೇ ಪ್ರಶ್ನೆಯನ್ನೆತ್ತಿ ಅಲ್ಲಿಯೇ ಉತ್ತರಿಸಬೇಕು.

ಆದ್ದರಿಂದ ವಿಂಗಡಣೆ ಪ್ರಶ್ನೆಗಳಿಂದ ಮೊದಲಾಗಬೇಕು. ಇಲ್ಲಿ ಮೂರಿವೆ: ಅಪ್ರಕಟಿತ ಶಾಸನಗಳ ಪಾಠವೇನು? ಸನ್ಯಸನ, ಸಮಾಧಿ, ಮುಡಿಪು ಎಂಬ ಪದಗಳ ಬಳಕೆ ಹೇಗೆ ಬದಲಾಯಿತು? ಕಲ್ಲು ನಿಲ್ಲಿಸಿದವರು ಯಾರು? ಪಾಠದ ಲೇಖನವೇ ಮೊದಲು ಪ್ರಕಟವಾಗಬೇಕು. ಆಗ ಉಳಿದೆರಡು ಅದನ್ನು ಉಲ್ಲೇಖಿಸಿದರೆ ಸಾಕು. ಅದರಲ್ಲಿ ಪಡಿಯಚ್ಚು, ಅಳತೆ, ತ್ರುಟಿತ ಅಕ್ಷರಗಳ ಗುರುತು ಯಾವುದನ್ನೂ ಬಿಡುವಂತಿಲ್ಲ. ಎರಡನೆಯದನ್ನು ಸಾಹಿತ್ಯದ ಓದುಗರಿಗಾಗಿ ಹೊಸದಾಗಿಯೇ ಬರೆಯಬೇಕು. ಶಾಸನದ ಪದವನ್ನು ವಡ್ಡಾರಾಧನೆಯ ಪ್ರಯೋಗದ ಪಕ್ಕದಲ್ಲಿಟ್ಟು ತೂಗಬೇಕು. ದಾನಿಗಳ ಹೆಸರು ನಾಲ್ಕೈದು ಕಲ್ಲುಗಳಲ್ಲಷ್ಟೇ ಉಳಿದಿದ್ದರೆ ಮೂರನೆಯದು ನಿಲ್ಲದು. ಅದು ಮೊದಲನೆಯದರ ಟಿಪ್ಪಣಿಯಾಗಬೇಕು.

ಪೂರ್ವಾಧ್ಯಯನಗಳ ದೀರ್ಘ ಸಮೀಕ್ಷೆ ಪರೀಕ್ಷಕರಿಗಾಗಿ ಬರೆದದ್ದು. ಪ್ರತಿ ಲೇಖನದಲ್ಲೂ ಆಯಾ ಪ್ರಶ್ನೆಗೆ ತಾಗುವ ಕೆಲವು ವಾಕ್ಯಗಳು ಮಾತ್ರ ಉಳಿಯಬೇಕು.

ಕೊನೆಗೆ ಪ್ರತಿ ಲೇಖನದ ತೀರ್ಮಾನವನ್ನೂ ಒಂದು ವಾಕ್ಯದಲ್ಲಿ ಬರೆದು ನೋಡಬೇಕು. ಎರಡರ ವಾಕ್ಯ ಒಂದೇ ಆದರೆ, ಒಂದೇ ಲೇಖನವನ್ನು ಎರಡಾಗಿ ಸೀಳಲಾಗಿದೆ ಎಂದೇ ಅರ್ಥ.