ಜೆರಾಕ್ಸ್ ಆದ ಮೇಲೂ ಉಳಿಯುವ ಗೆರೆ

ನಾನು ಡ್ರಾಯಿಂಗ್ ಸೆಕ್ಷನ್‌ಗೆ ಸೇರಿದಾಗ ನಕ್ಷೆಗಳಿಗೆ ಬಣ್ಣವೇ ಇರಲಿಲ್ಲ. ಟ್ರೇಸಿಂಗ್ ಪೇಪರಿನ ಮೇಲೆ ಕಪ್ಪು ಶಾಯಿಯಲ್ಲಿ ಬರೆದು, ಅದರಿಂದ ಅಮೋನಿಯಾ ಪ್ರಿಂಟ್ ತೆಗೆಯುತ್ತಿದ್ದೆವು. ಶಾಯಿ ಬೆಳಕನ್ನು ತಡೆದ ಕಡೆ ಗೆರೆ ಮೂಡುತ್ತಿತ್ತು, ಮಿಕ್ಕ ಕಡೆ ಹಾಳೆ ಬಿಳಿಯಾಗುತ್ತಿತ್ತು. ಬಣ್ಣ ಬೇಕೆಂದವರು ಪ್ರಿಂಟ್ ಕೈಗೆ ಬಂದ ಮೇಲೆ ಪೆನ್ಸಿಲ್‌ನಲ್ಲಿ ತೀಡಿಕೊಳ್ಳಬೇಕಿತ್ತು.

ಹಾಗಾಗಿ ಮೂರು ಬಾವಿಗಳ ನೀರಿನ ಮಟ್ಟವನ್ನು ಒಂದೇ ಗ್ರಾಫಿನಲ್ಲಿ ತೋರಿಸಬೇಕಾದರೆ, ಒಂದಕ್ಕೆ ಅಖಂಡ ಗೆರೆ, ಇನ್ನೊಂದಕ್ಕೆ ಉದ್ದ ಡ್ಯಾಶ್, ಮೂರನೆಯದಕ್ಕೆ ಡ್ಯಾಶ್ ಮತ್ತು ಚುಕ್ಕಿ. ಅಳತೆ ತೆಗೆದ ತಿಂಗಳುಗಳ ಮೇಲೆ ವೃತ್ತ, ತ್ರಿಕೋನ, ಚೌಕ. ಗೆರೆ ಮುಗಿಯುವ ಬಲತುದಿಯಲ್ಲೇ ಬಾವಿಯ ನಂಬರು. ‘ಗೆರೆ ನೋಡಿದವನು ಮತ್ತೆ ಮೂಲೆಗೆ ಕಣ್ಣು ಹಾಯಿಸಬಾರದಪ್ಪಾ’ ಎನ್ನುತ್ತಿದ್ದರು ನಮ್ಮ ಹೆಡ್ ಡ್ರಾಫ್ಟ್ಸ್‌ಮನ್. ಮಣ್ಣಿನ ಬಗೆಗಳನ್ನು ತೋರಿಸಲು ಸೆಟ್ ಸ್ಕ್ವೇರ್ ಸರಿಸುತ್ತಾ 45 ಡಿಗ್ರಿಯ ಹ್ಯಾಚಿಂಗ್ ಎಳೆಯಬೇಕಿತ್ತು. ಬೇಸರ ತರಿಸುವ ಕೆಲಸ. ಶಾಯಿ ಒಣಗುವ ಮುನ್ನ ಸ್ಕೇಲು ತಗುಲಿದರೆ ಬ್ಲೇಡಿನಲ್ಲಿ ಕೆರೆದು ಮತ್ತೆ ಬರೆಯಬೇಕು. ಆ ದಿನಗಳು ಮರಳಿ ಬರಲಿ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಅಲ್ಲಿಂದ ಹೊರಟ ಹಾಳೆಯನ್ನು ಎಲ್ಲಿ ಬೇಕಾದರೂ ಓದಬಹುದಿತ್ತು.

ಕಂಪ್ಯೂಟರ್ ಬಂದ ಮೇಲೆ ಅದೇ ಗ್ರಾಫಿಗೆ ಕೆಂಪು, ಹಸಿರು, ನೀಲಿ ಗೆರೆಗಳು ಬಂದವು. ಮೂಲೆಯ ಲೆಜೆಂಡ್ ಪೆಟ್ಟಿಗೆಯಲ್ಲಿ ಮೂರು ಬಣ್ಣದ ತುಂಡುಗಳು. ಸ್ಕ್ರೀನಿನಲ್ಲಿ ಚೊಕ್ಕವಾಗಿಯೇ ಕಾಣುತ್ತದೆ. ವರದಿ ತಾಲ್ಲೂಕು ಮಟ್ಟಕ್ಕೆ ಜೆರಾಕ್ಸ್ ಆಗಿ ಹೋದಾಗ ಕೆಂಪು ಯಾವುದು, ಹಸಿರು ಯಾವುದು ಎಂದು ಹೇಳುವವರಿಲ್ಲ.

ಇದಕ್ಕೆ ಲೆಕ್ಕವೇ ಕಾರಣ. ಬಣ್ಣವನ್ನು ಬೂದಿಗೆ ಇಳಿಸುವಾಗ ಬಹಳಷ್ಟು ತಂತ್ರಾಂಶಗಳು ಕೆಂಪಿನ ಪ್ರಮಾಣವನ್ನು 0.299ರಿಂದ, ಹಸಿರಿನದನ್ನು 0.587ರಿಂದ, ನೀಲಿಯದನ್ನು 0.114ರಿಂದ ಗುಣಿಸಿ ಕೂಡುತ್ತವೆ. 0 ಎಂದರೆ ಕಪ್ಪು, 255 ಎಂದರೆ ಬಿಳಿ. ಪೂರ್ತಿ ಕೆಂಪು, ಅಂದರೆ (255, 0, 0), ಈ ಲೆಕ್ಕದಲ್ಲಿ 76 ಆಗುತ್ತದೆ. ವೆಬ್‌ನಲ್ಲಿ `green` ಎಂದು ಬರೆದರೆ ಸಿಗುವ (0, 128, 0) ಹಸಿರು 75. ಕಣ್ಣಿಗೆ ಒಂದಕ್ಕೊಂದು ತದ್ವಿರುದ್ಧವಾದ ಎರಡು ಬಣ್ಣಗಳು ಕಾಗದದ ಮೇಲೆ ಒಂದೇ ಬೂದು. ಹಳದಿಯ ಬೆಲೆ 226, ಬಿಳಿ ಹಾಳೆಯಲ್ಲಿ ಅದು ಇದ್ದೂ ಇಲ್ಲದಂತೆ. ಗೆರೆಯನ್ನು ಹೆಸರಿಗೆ ಜೋಡಿಸುವ ಕೊಂಡಿ ಬಣ್ಣವೊಂದೇ ಆಗಿದ್ದರೆ, ಬಣ್ಣ ಹೋದೊಡನೆ ಲೆಜೆಂಡಿನಲ್ಲಿ ಉಳಿಯುವುದು ಗುರುತು ಸಿಗದ ಬೂದು ತುಂಡುಗಳು.

ಈಗ ನಾನು ಬಣ್ಣವನ್ನು ಆರಿಸುವ ಮೊದಲು ಬೂದಿನ ಮಟ್ಟಗಳನ್ನು ಆರಿಸುತ್ತೇನೆ. ಕಡು ನೀಲಿ (0, 0, 139) ಸುಮಾರು 16, ನೀಲಿ-ಹಸಿರು (0, 128, 128) ಸುಮಾರು 90, ಕಡು ಕಿತ್ತಳೆ (255, 140, 0) ಸುಮಾರು 158. ಅಕ್ಕಪಕ್ಕದ ಎರಡು ಮಟ್ಟಗಳ ನಡುವೆ 70ರ ಆಸುಪಾಸಿನ ಅಂತರ ಇರುವುದರಿಂದ ಮೂರೂ ಬೇರೆಬೇರೆಯಾಗಿ ನಿಲ್ಲುತ್ತವೆ. ಕಿತ್ತಳೆ ಮಾತ್ರ ಬಿಳಿಯೆದುರು ಸೊರಗುತ್ತದೆ. ಅದನ್ನು ಸ್ವಲ್ಪ ದಪ್ಪ ಮಾಡಿ, ಮೂರಕ್ಕೂ ಬೇರೆಬೇರೆ ಡ್ಯಾಶ್ ಕೊಡುತ್ತೇನೆ. ಹಳೆಯ ಸೆಕ್ಷನ್ನಿನ ಕ್ರಮವೇ, ಮೇಲೆ ಬಣ್ಣ ಸೇರಿದೆ ಅಷ್ಟೆ. ಹೆಸರನ್ನು ಗೆರೆಯ ತುದಿಯಲ್ಲೇ ಬರೆಯುತ್ತೇನೆ. ಗೆರೆಗಳು ತುದಿಯಲ್ಲಿ ಒಂದರ ಮೇಲೊಂದು ಬಿದ್ದು ಜಾಗವಿಲ್ಲದಾಗ ಮಾತ್ರ ಲೆಜೆಂಡ್. ಆಗ ಅದರ ಕ್ರಮ ಬಲತುದಿಯಲ್ಲಿ ಗೆರೆಗಳು ಮೇಲಿಂದ ಕೆಳಗೆ ಇರುವ ಕ್ರಮವೇ ಆಗಿರಬೇಕು, ಅದರ ತುಂಡುಗಳು ಡ್ಯಾಶ್-ಚುಕ್ಕಿ ಎರಡು ಸಲ ಬರುವಷ್ಟು ಉದ್ದವಿರಬೇಕು. ತುಂಡು ಗಿಡ್ಡವಾದರೆ ಎಲ್ಲ ಗೆರೆಗಳೂ ಒಂದೇ ರೀತಿ ಕಾಣುತ್ತವೆ.

ಜಾಗ ತುಂಬುವ ಬಣ್ಣಗಳದು ಬೇರೆ ತೊಂದರೆ. ಜೆರಾಕ್ಸ್ ಯಂತ್ರ ತೆಳು ಬೂದನ್ನು ಬಿಳಿಯಾಗಿಸುತ್ತದೆ, ಕಡು ಬೂದನ್ನು ಕಪ್ಪಿಗೆ ತಳ್ಳುತ್ತದೆ. ತಿಳಿಯಿಂದ ಕಡುವಿಗೆ ಐದು ಹಂತ ಮಾಡಿದರೆ ಎರಡನೆಯ ಜೆರಾಕ್ಸಿನಲ್ಲಿ ಮೂರು ಉಳಿದರೆ ಪುಣ್ಯ. ಅದಕ್ಕೇ ನಾನು ಮೂರು ಬೂದಿಗಿಂತ ಹೆಚ್ಚು ಬಳಸುವುದಿಲ್ಲ. ಹೆಚ್ಚು ವಿಭಾಗಗಳಿದ್ದರೆ ಹ್ಯಾಚಿಂಗ್ ಸೇರಿಸಿ, ಪಕ್ಕಪಕ್ಕದ ತುಂಡುಗಳ ನಡುವೆ ತೆಳು ಬಿಳಿ ಗೆರೆ ಬಿಡುತ್ತೇನೆ. ನಕ್ಷೆಗಳಿಗೆ ಬಣ್ಣ ಆರಿಸಲು ಸಿಂಥಿಯಾ ಬ್ರೂವರ್ ಅವರ `ColorBrewer` ತಾಣ ಇದೆ. ಜೆರಾಕ್ಸಿಗೆ ಒಗ್ಗುವ ಬಣ್ಣಗಳನ್ನಷ್ಟೇ ತೋರಿಸು ಎಂದು ಅಲ್ಲಿ ಗುರುತು ಹಾಕಬಹುದು. ಆ ಗುರುತು ಹಾಕಿದೊಡನೆ ಪಟ್ಟಿ ಕಿರಿದಾಗುತ್ತದೆ.

ಪ್ರಿಂಟರಿನಿಂದ ಪ್ರಿಂಟರಿಗೆ ಬೂದು ಬದಲಾಗುವುದರಿಂದ ಲೆಕ್ಕವನ್ನು ನಂಬಿ ಕೂರುವಂತಿಲ್ಲ. ನಮ್ಮಲ್ಲಿರುವ ಅತಿ ಕಳಪೆ ಯಂತ್ರದಲ್ಲಿ ಒಂದು ಕಪ್ಪು-ಬಿಳುಪು ಪ್ರತಿ ತೆಗೆದು, ಅದನ್ನೇ ಮತ್ತೆ ಜೆರಾಕ್ಸ್ ಮಾಡಿಸುತ್ತೇನೆ. ನಂತರ ಗ್ರಾಫನ್ನು ಮೊದಲು ನೋಡಿರದ ಒಬ್ಬರ ಕೈಗೆ ಕೊಟ್ಟು, ‘ಮೇ ತಿಂಗಳಲ್ಲಿ ಯಾವ ಬಾವಿಯ ನೀರು ಎಲ್ಲಕ್ಕಿಂತ ಆಳದಲ್ಲಿತ್ತು, ಸ್ವಲ್ಪ ಹೇಳ್ತೀರಾ?’ ಎಂದು ಕೇಳುತ್ತೇನೆ. ಬೆರಳು ಗೆರೆಯ ಮೇಲೆ ನಿಂತು ಹಿಂದೆಮುಂದೆ ಆಡಿದರೆ ಹಾಳೆ ಇನ್ನೂ ಸಿದ್ಧವಾಗಿಲ್ಲ. ಗೆರೆಗಳು ನಾಲ್ಕೈದು ದಾಟಿದ ಮೇಲಂತೂ ಡ್ಯಾಶ್‌ಗಳೂ ಕೈಕೊಡುತ್ತವೆ. ಆಗ ಒಂದೇ ಅಳತೆಯ ಚಿಕ್ಕ ಗ್ರಾಫ್‌ಗಳನ್ನಾಗಿ ಒಡೆದು, ಒಂದರ ಕೆಳಗೊಂದು ಇಡುತ್ತೇನೆ.