ಮಗು ಹುಟ್ಟಿದಾಗ ಬರೆಯುವ ನಾಲ್ಕು ಸಾಲು

ಜೊತೆಯಲ್ಲಿ ಕೆಲಸಮಾಡುವವರ ಮನೆಯಲ್ಲಿ ಮಗು ಹುಟ್ಟಿತೆಂದು ತಿಳಿದೊಡನೆ ನಾಲ್ಕು ಸಾಲು ಬರೆದು ಸಂತೋಷವನ್ನು ತಿಳಿಸುವುದು ಈಗ ಎಲ್ಲ ಕಚೇರಿಗಳಲ್ಲಿಯೂ ನಡೆದುಬಂದಿರುವ ಪದ್ಧತಿ. ಹಿಂದೆ ಕಾರ್ಡಿನಲ್ಲಿ ಬರೆಯುತ್ತಿದ್ದುದನ್ನು ಈಗ ಕೈಯಲ್ಲಿರುವ ಫೋನಿನಲ್ಲಿಯೇ ಬರೆದು ಕಳುಹಿಸುವರು. ಬರೆಯುವುದು ನಾಲ್ಕೇ ಸಾಲಾದುದರಿಂದ ಇದಕ್ಕೆ ಯೋಚನೆಯೇನು ಬೇಕೆಂದು ತೋರಬಹುದು. ಆದರೆ ನಾಲ್ಕು ಸಾಲಿನಲ್ಲಿ ಒಂದು ಸಾಲು ಕೆಟ್ಟರೆ ಉಳಿದ ಮೂರು ಸಾಲುಗಳ ಸವಿಯೂ ಕೆಡುವುದೆಂಬುದನ್ನು ನಾವು ಕಂಡುಬಲ್ಲೆವು. ಹೀಗೆ ಕೆಡುವ ಸಾಲು ಬಹುಮಟ್ಟಿಗೆ ಒಂದೇ ಬಗೆಯದು. ಹುಟ್ಟಿದ ಮಗುವನ್ನು ಬಿಟ್ಟು, ಇನ್ನೂ ಹುಟ್ಟದ ಮಗುವಿನ ಮಾತನ್ನು ಎತ್ತುವ ಸಾಲು ಅದು.

ಈ ಬಗೆಯ ಮಾತು ನಮ್ಮ ನಾಲಗೆಗೆ ತಾನಾಗಿಯೇ ಬರುವುದಕ್ಕೆ ಕಾರಣವುಂಟು. ಮಗು ಹುಟ್ಟಿದಾಗ ಹೇಳುವ ಹರಕೆಯ ಮಾತುಗಳೆಲ್ಲವೂ ಬಂಧುಗಳ ನಡುವೆ ಹುಟ್ಟಿ ಬೆಳೆದವುಗಳು. ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ ಎಂದು ಅಜ್ಜಿಯು ತೊಟ್ಟಿಲ ಬಳಿಯಲ್ಲಿ ಕುಳಿತು ಹೇಳಿದರೆ, ಆಕೆಗೆ ಆ ಮನೆಯ ಒಳಗು ಹೊರಗು ಎರಡೂ ಗೊತ್ತಿರುತ್ತದೆ. ಹೇಳಬಾರದ ಸಮಯವಾದರೆ ಆಕೆ ತಾನೇ ಸುಮ್ಮನಿರುವಳು. ಪಕ್ಕದ ಮೇಜಿನಲ್ಲಿ ಕುಳಿತು ಕೆಲಸಮಾಡುವ ನಮಗಾದರೋ ಆ ಮನೆಯ ಹೊರಗು ಮಾತ್ರವೇ ಗೊತ್ತು. ಅಜ್ಜಿಯ ಮಾತನ್ನು ಅಜ್ಜಿಯ ತಿಳುವಳಿಕೆಯಿಲ್ಲದೆ ಆಡುವುದೇ ಇಲ್ಲಿಯ ತೊಡಕೆಲ್ಲದರ ಮೂಲ.

ಕೆಲವು ವರ್ಷಗಳ ಹಿಂದೆ ನಾವಿದ್ದ ವಿಭಾಗದಲ್ಲಿ ಇಂತಹ ಒಂದು ಒಕ್ಕಣೆಯು ನಮ್ಮೆಲ್ಲರ ಕೈಯಲ್ಲಿ ತಿದ್ದಿಸಿಕೊಂಡಿತು. ಹೆರಿಗೆಯ ರಜೆಯ ಮೇಲಿದ್ದ ನಮ್ಮ ಸಹೋದ್ಯೋಗಿನಿಯೊಬ್ಬರು, "ಬುಧವಾರ ಬೆಳಿಗ್ಗೆ ಮಗಳು ಹುಟ್ಟಿದಳು. ಇನ್ನೂ ಕೆಲವು ದಿನ ನಾನು ಆಸ್ಪತ್ರೆಯಲ್ಲಿರಬೇಕಾಗಿದೆ" ಎಂದು ಎರಡೇ ಮಾತು ಬರೆದು ಕಳುಹಿಸಿದ್ದರು. ವಿಭಾಗದ ಎಲ್ಲರ ಪರವಾಗಿ ಉತ್ತರ ಹೋಗಬೇಕೆಂದು ಹಿರಿಯರಾದ ಗುಮಾಸ್ತರೊಬ್ಬರು ಹೀಗೆ ಬರೆದರು:

"ನಿಮಗೆ ಚೊಚ್ಚಲ ಪುತ್ರಿಯು ಜನಿಸಿದ ವಾರ್ತೆಯಿಂದ ನಮಗೆಲ್ಲ ಆನಂದವಾಯಿತು. ಸುಖಪ್ರಸವವಾಯಿತೆಂದು ನಂಬಿದ್ದೇವೆ. ಮೊದಲು ಲಕ್ಷ್ಮಿಯೇ ಮನೆಗೆ ಬಂದಿರುವಳು. ಮುಂದಿನ ಸಲ ಕೀರ್ತಿಗೊಬ್ಬ ಮಗನೂ ಬರಲಿ. ಬೇಗನೆ ಚೇತರಿಸಿಕೊಂಡು ಕೆಲಸಕ್ಕೆ ಬನ್ನಿರಿ. ನಿಮ್ಮ ಮೇಜು ನಿಮಗಾಗಿ ಕಾದಿದೆ."

ಬರೆದವರು ಬಹಳ ಒಳ್ಳೆಯ ಮನಸ್ಸಿನವರು. ಒಕ್ಕಣೆಯಲ್ಲಿ ಕೆಟ್ಟ ಮಾತು ಒಂದೂ ಇಲ್ಲ. ಆದರೂ ಅದನ್ನು ಓದಿದ ನಮ್ಮ ವಿಭಾಗದ ಹಿರಿಯ ಮಹಿಳೆಯೊಬ್ಬರು, "ಅವರು ನಮಗೆ ಹೇಳಿದ್ದು ಎರಡು ಸಂಗತಿ. ಇದರಲ್ಲಿ ಏಳೆಂಟು ಸಂಗತಿಗಳಿವೆಯಲ್ಲ, ಉಳಿದವು ಎಲ್ಲಿಂದ ಬಂದವು?" ಎಂದು ಕೇಳಿದರು. ಆ ಪ್ರಶ್ನೆಯನ್ನೇ ಒರೆಗಲ್ಲಾಗಿಟ್ಟುಕೊಂಡು ನಾವು ಒಂದೊಂದು ಮಾತನ್ನೂ ನೋಡುತ್ತ ಹೋದೆವು.

ಮೊದಲನೆಯದು "ಚೊಚ್ಚಲ" ಎಂಬ ಮಾತು. ಇದು ಆಕೆಗೆ ಮೊದಲ ಮಗುವೆಂಬುದು ನಮ್ಮ ಎಣಿಕೆಯೇ ಹೊರತು ಆಕೆ ಹೇಳಿದ್ದಲ್ಲ. ಹಿಂದೆ ಬಸಿರು ನಿಲ್ಲದೆ ಹೋಗಿರಬಹುದು; ಹುಟ್ಟಿದ ಮಗುವೊಂದು ಉಳಿಯದೆ ಹೋಗಿರಬಹುದು. ಅಂತಹ ತಾಯಿಗೆ ಇದು ಎಷ್ಟನೆಯ ಮಗುವೆಂಬುದು ಲೋಕದ ಲೆಕ್ಕವಲ್ಲ, ಅವಳದೇ ಲೆಕ್ಕ. ಆ ಮಾತನ್ನು ತೆಗೆದುಬಿಟ್ಟರೆ ವಾಕ್ಯಕ್ಕೆ ಯಾವ ಕೊರತೆಯೂ ಆಗದು.

ಎರಡನೆಯದು "ಸುಖಪ್ರಸವ". ಕೆಲವು ದಿನ ಆಸ್ಪತ್ರೆಯಲ್ಲಿರಬೇಕಾಗಿದೆ ಎಂದು ಆಕೆ ಬರೆದಿರುವಾಗ ಹೆರಿಗೆಯು ಸುಖವಾಗಿಯೇ ಆಯಿತೆಂದು ನಾವು ನಂಬುವುದು ಹೇಗೆ? ಗೊತ್ತಿಲ್ಲದ ಕ್ಷೇಮವನ್ನು ಆಗಿಹೋದ ಸಂಗತಿಯಂತೆ ಬರೆದರೆ, ಹಾಗಾಗದಿದ್ದವರು ಒಂದೋ ನಮ್ಮ ಮಾತನ್ನು ತಿದ್ದಬೇಕು, ಇಲ್ಲವೆ ನುಂಗಿಕೊಳ್ಳಬೇಕು. ಅದನ್ನೇ ಹಾರೈಕೆಯಾಗಿ ತಿರುಗಿಸಿ, "ನಿಮಗೂ ಮಗುವಿಗೂ ಆರೋಗ್ಯವಿರಲಿ" ಎಂದರೆ ಎಂತಹ ಸಂದರ್ಭಕ್ಕೂ ಒಪ್ಪುವುದು; ಎಲ್ಲವೂ ನೆಟ್ಟಗಿದ್ದರೂ ಸರಿ, ಇಲ್ಲದಿದ್ದರೂ ಸರಿ.

ಮೂರನೆಯದು ಲಕ್ಷ್ಮಿಯ ಮಾತು. ಹೆಣ್ಣುಮಗುವನ್ನು ಲಕ್ಷ್ಮಿಯೆಂದು ಕರೆಯುವುದರಲ್ಲಿ ತಪ್ಪೇನಿಲ್ಲ. ಆದರೆ ಅದರ ಬೆನ್ನಿಗೇ "ಮುಂದಿನ ಸಲ ಮಗನೂ ಬರಲಿ" ಎಂದು ಸೇರಿಸಿದೊಡನೆ ಹೊಗಳಿಕೆಯು ಸಮಾಧಾನದ ಮಾತಾಗಿಬಿಡುವುದು. ಈಗ ಬಂದುದು ಸಾಲದೆಂಬ ಅರ್ಥವು ಬೇಡವೆಂದರೂ ಹೊರಡುವುದು. ಅಲ್ಲದೆ "ಮುಂದಿನ ಸಲ" ಎಂಬುದು ಒಂದಿದೆಯೋ ಇಲ್ಲವೋ ಎಂಬುದನ್ನು ಗೊತ್ತುಮಾಡತಕ್ಕವರು ಗಂಡಹೆಂಡಿರು. ಕೆಲವರು ಒಂದೇ ಮಗು ಸಾಕೆಂದು ನಿಶ್ಚಯಿಸಿರುವರು. ಕೆಲವರು ಹಲವು ವರ್ಷ ಚಿಕಿತ್ಸೆ ಮಾಡಿಸಿಕೊಂಡು ಈ ಒಂದನ್ನು ಪಡೆದಿರುವರು. ಕೆಲವರಿಗೆ ಇನ್ನೊಂದು ಬೇಡವೆಂದು ವೈದ್ಯರೇ ಹೇಳಿರುವರು. ಯಾವ ತೊಡಕೂ ಇಲ್ಲದವರಿಗೂ ಈ ಮಾತು ಅಕಾಲದ್ದೇ. ಒಂದು ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸುವುದಕ್ಕೆ ಕಡಮೆಯೆಂದರೆ 24 ತಿಂಗಳು ಕಳೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಸಿ ಬಾಣಂತಿಗೆ ಮುಂದಿನ ಬಸಿರನ್ನು ಹಾರೈಸುವುದು ಯಾವ ಲೆಕ್ಕದಿಂದಲೂ ಸಲ್ಲದು.

ನಾಲ್ಕನೆಯದು ಕೆಲಸಕ್ಕೆ ಹಿಂದಿರುಗುವ ಮಾತು. ನಿಮ್ಮನ್ನು ಮರೆತಿಲ್ಲವೆಂದು ಹೇಳುವುದು ಬರೆದವರ ಆಶಯ. ಆದರೆ ಹಾಸಿಗೆಯಲ್ಲಿರುವವರ ಕಿವಿಗೆ ಅದು ಕರೆಯಂತೆ ಕೇಳುವುದು. ರಜೆಯ ಅವಧಿಗೂ ಮಕ್ಕಳ ಎಣಿಕೆಗೂ ಸಂಬಂಧವುಂಟೆಂಬುದನ್ನು ಇಲ್ಲಿ ನೆನೆಯಬೇಕು. 1961ರ ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯು ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಆದರೆ ಮೊದಲೇ ಇಬ್ಬರು ಮಕ್ಕಳಿದ್ದವರಿಗೆ 12 ವಾರಗಳನ್ನೇ ಉಳಿಸಿತು. ಆದುದರಿಂದ ಎಂದು ಬರುವಿರಿ ಎಂಬ ಪ್ರಶ್ನೆಯು ಎಷ್ಟು ಮಕ್ಕಳು ಎಂಬ ಪ್ರಶ್ನೆಯ ನೆರಳಾಗಿಯೂ ಕಾಣಬಹುದು. ಅದು ರಜೆಯ ಅರ್ಜಿಗೆ ಸೇರಿದ ವಿಷಯ, ಶುಭಾಶಯಕ್ಕೆ ಸೇರಿದುದಲ್ಲ.

ಹೀಗೆ ಬಿಡತಕ್ಕುದನ್ನು ಬಿಟ್ಟು ಉಳಿದುದನ್ನು ಕೂಡಿಸಿದಾಗ ಒಕ್ಕಣೆಯು ಈ ರೂಪಕ್ಕೆ ಬಂದಿತು:

"ನಿಮಗೆ ಮಗಳು ಹುಟ್ಟಿದ ಸುದ್ದಿಯನ್ನು ಓದಿ ನಮಗೆಲ್ಲರಿಗೂ ಬಹಳ ಸಂತೋಷವಾಯಿತು. ನಿಮಗೂ ಮಗುವಿಗೂ ಆರೋಗ್ಯವೂ ನೆಮ್ಮದಿಯೂ ಇರಲೆಂದು ಹಾರೈಸುತ್ತೇವೆ. ಇಲ್ಲಿಯ ಕೆಲಸವನ್ನು ನಾವು ನೋಡಿಕೊಳ್ಳುತ್ತಿದ್ದೇವೆ. ಇದಕ್ಕೆ ಉತ್ತರ ಬರೆಯುವ ಶ್ರಮ ಬೇಡ."

ಇದರಲ್ಲಿ ಅಲಂಕಾರವೇನೂ ಇಲ್ಲ. ಆಗಿಹೋದ ಒಂದು ಸಂಗತಿ, ಅದರಿಂದ ನಮಗಾದ ಸಂತೋಷ, ಒಂದು ಹಾರೈಕೆ, ಒಂದು ಭಾರವನ್ನು ಇಳಿಸುವ ಮಾತು, ಇಷ್ಟೇ. ಪ್ರಶ್ನೆಯು ಒಂದೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕಾಗುವುದು. ಮಗುವಿಗೆ ಹಾಲೂಡಿಸುತ್ತ ನಿದ್ದೆಗೆಟ್ಟವರಿಂದ ಉತ್ತರವನ್ನು ಬೇಡುವುದೇತಕ್ಕೆ?

"ಮಗಳು" ಎಂದು ನಾವು ಬರೆದುದು ಆಕೆಯೇ ಆ ಮಾತನ್ನು ಬಳಸಿದ್ದರಿಂದ. ತಂದೆತಾಯಿಗಳು ಆಡಿದ ಮಾತೇ ನಮ್ಮ ಮಾತಿಗೆ ಎಲ್ಲೆ. ಹೆಣ್ಣೋ ಗಂಡೋ ತಿಳಿಸದಿದ್ದರೆ ಕೇಳಬೇಕಾದುದೂ ಇಲ್ಲ. ನಮ್ಮ ಕನ್ನಡದಲ್ಲಿ "ಮಗು" ಎಂಬ ನಪುಂಸಕಲಿಂಗದ ಒಳ್ಳೆಯ ಮಾತೊಂದಿದೆ. "ಮಗು ಬಂದಿತು, ಮಗು ಚೆನ್ನಾಗಿರಲಿ" ಎಂದು ಬರೆದರೆ ಎಲ್ಲಿಯೂ ಎಡವುವ ಭಯವಿಲ್ಲ. ದತ್ತು ತೆಗೆದುಕೊಂಡವರಿಗೆ ಬರೆಯುವಾಗ "ಹುಟ್ಟಿತು" ಎಂಬುದಕ್ಕೆ ಬದಲಾಗಿ "ನಿಮ್ಮ ಮನೆಗೆ ಬಂದಿತು" ಎಂದರಾಯಿತು. ಇನ್ನು ನಿಮ್ಮದೇ ಒಂದು ಹುಟ್ಟಲಿ ಎಂಬ ಮಾತನ್ನಂತೂ ಯಾರೂ ಬರೆಯಬಾರದು, ಬಂದಿರುವುದೇ ಅವರದು. ಸಹೋದ್ಯೋಗಿಯು ಗಂಡಸಾದರೆ "ನಿಮಗೂ ನಿಮ್ಮ ಮನೆಯವರಿಗೂ ಮಗುವಿಗೂ" ಎಂದು ಸೇರಿಸಿದರೆ ಸಾಕು. ಮೂರನೆಯ ಮಗುವಾದಾಗ "ಇನ್ನು ಸಾಕಲ್ಲವೆ" ಎಂದು ನಗೆಯಾಡುವುದೂ, ಮೊದಲನೆಯದಾದಾಗ "ಇನ್ನೊಂದು ಎಂದು" ಎಂದು ಕೇಳುವುದೂ ಒಂದೇ ನಾಣ್ಯದ ಎರಡು ಮುಖಗಳು. ಸುದ್ದಿಯು ತಂದೆತಾಯಿಗಳಿಂದ ಬರದೆ ಬೇರೆಯವರ ಬಾಯಿಂದ ಬಂದುದಾದರೆ, ಅವರೇ ತಿಳಿಸುವವರೆಗೆ ಕಾಯುವುದು ಲೇಸು.

ನಮ್ಮ ಸಹೋದ್ಯೋಗಿನಿಯು ರಜೆ ಮುಗಿಸಿ ಬಂದು ಕೆಲವು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆ ಬುಧವಾರದ ವಿಷಯವನ್ನು ತಾವಾಗಿಯೇ ಹೇಳಿದರು. ಹೆರಿಗೆಯಾದ ಮೇಲೆ ರಕ್ತಸ್ರಾವವು ನಿಲ್ಲದೆ, ಜೀವವನ್ನು ಉಳಿಸುವುದಕ್ಕಾಗಿ ವೈದ್ಯರು ಗರ್ಭಕೋಶವನ್ನೇ ತೆಗೆಯಬೇಕಾಯಿತಂತೆ. "ಎಚ್ಚರವಾಗಿ ಫೋನು ನೋಡಿದರೆ ಬಂಧುಗಳೂ ಗೆಳತಿಯರೂ ಬರೆದುದರಲ್ಲೆಲ್ಲ ಮುಂದಿನ ಮಗುವಿನ ಮಾತೇ. ಯಾರ ಮೇಲೆಯೂ ಕೋಪ ಬರಲಿಲ್ಲ, ಅವರಿಗೇನು ಗೊತ್ತು? ಆದರೆ ಒಂದೊಂದನ್ನು ಓದುವಾಗಲೂ ಅದು ಮತ್ತೊಮ್ಮೆ ಕೈಬಿಟ್ಟಂತಾಗುತ್ತಿತ್ತು. ನಿಮ್ಮದನ್ನು ಮಾತ್ರ ನಮ್ಮವರಿಗೆ ಗಟ್ಟಿಯಾಗಿ ಓದಿ ಹೇಳಿದೆ, ಅದರಲ್ಲಿ ನನ್ನ ಮಗಳಷ್ಟೇ ಇದ್ದಳು" ಎಂದರು. ಹಿರಿಯ ಗುಮಾಸ್ತರು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರು. ಆಕೆಯ ಒಪ್ಪಿಗೆಯನ್ನು ಪಡೆದೇ ಇದನ್ನು ಇಲ್ಲಿ ಬರೆದಿದ್ದೇವೆ.

ಇಂತಹುದು ಎಲ್ಲ ಮನೆಗಳಲ್ಲಿಯೂ ನಡೆಯುವುದಿಲ್ಲ, ನಿಜ. ಆದರೆ ಯಾವ ಮನೆಯಲ್ಲಿ ನಡೆದಿದೆಯೆಂಬುದು ಬರೆಯುವ ಹೊತ್ತಿಗೆ ನಮಗೆ ತಿಳಿದಿರುವುದಿಲ್ಲ. ಬರೆದುದನ್ನು ಕಳುಹಿಸುವ ಮುಂಚೆ ಒಮ್ಮೆ ಓದಿ, ಅವರು ತಾವಾಗಿ ತಿಳಿಸದ ಸಂಗತಿಯು ಯಾವುದಾದರೂ ಅದರಲ್ಲಿ ಸೇರಿದೆಯೇ ಎಂದು ನೋಡಿ, ಸೇರಿದ್ದರೆ ಹೊಡೆದುಹಾಕಬೇಕು. ಆಗ ಉಳಿಯುವುದು ಎರಡೇ ಸಾಲಾದರೂ ಚಿಂತೆಯಿಲ್ಲ.