ಒಂದೇ ಗಿರಾಕಿಯ ನೆರಳಿನಲ್ಲಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಡೆನಿಮ್ ಬಟ್ಟೆ, ದಾರ, ಜಿಪ್ಪು, ಗುಂಡಿಗಳನ್ನು ಉದ್ರಿ ಕೊಡುತ್ತ ಬಂದವನು ನಾನು. ಯಾರ ಕಾರಖಾನೆ ಕುಸಿಯುತ್ತಿದೆ ಎಂಬುದು ಎಷ್ಟೋ ಸಲ ಅವರ ಮನೆಯವರಿಗಿಂತ ಮೊದಲು ನನ್ನ ಖಾತೆಪುಸ್ತಕಕ್ಕೆ ತಿಳಿದಿದೆ. ಆದರೆ ನನ್ನ ಸ್ವಂತ ಸೋದರಳಿಯನ ವಿಷಯದಲ್ಲಿ ಆ ಪುಸ್ತಕವೂ, ನಾನು ಕಲಿತ ಬಿ.ಕಾಂ. ವಿದ್ಯೆಯೂ ತಡವಾಗಿಯೇ ಕಣ್ತೆರೆದವು. ಆ ವೃತ್ತಾಂತವನ್ನು ಅವನ ಅನುಮತಿ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಅವನು ಕುರುಗೋಡಿನಿಂದ ಬಂದು 2014ರಲ್ಲಿ ಇಪ್ಪತ್ತು ಹೊಲಿಗೆ ಯಂತ್ರಗಳ ಕಾರಖಾನೆ ಹೂಡಿದ. ಮೂರು ವರ್ಷ ಸಣ್ಣ ಅಂಗಡಿಗಳಿಗೆ ಮಾಲು ಕೊಟ್ಟು ಜೀವನ ಸಾಗಿತು. 2017ರಲ್ಲಿ ಹೊರ ಊರಿನ ಒಂದು ದೊಡ್ಡ ಸಂಸ್ಥೆಯ ಆರ್ಡರು ದೊರೆಯಿತು. ಮನೆಯಲ್ಲಿ ಸಿಹಿ ಹಂಚಿದರು, ನಾನೂ ತಿಂದೆ. ವರ್ಷ ಕಳೆಯುವುದರೊಳಗೆ ಅವನು ತಿಂಗಳಿಗೆ ಹೊಲಿಸುತ್ತಿದ್ದ 4,000 ಪ್ಯಾಂಟುಗಳಲ್ಲಿ 3,200 ಆ ಒಂದೇ ಗಿರಾಕಿಗೆ ಹೋಗತೊಡಗಿದವು.

ಒಂದು ಪ್ಯಾಂಟಿನ ಲೆಕ್ಕ ಹೀಗಿತ್ತು. ಮಾರಾಟದ ದರ 400 ರೂಪಾಯಿ. ಬಟ್ಟೆಗೆ 180, ಹೊಲಿಗೆ ಕೂಲಿಗೆ 70, ವಾಷಿಂಗ್‌ಗೆ 45, ಜಿಪ್ಪು ಗುಂಡಿ ಲೇಬಲುಗಳಿಗೆ 25. ಬಾಡಿಗೆ, ವಿದ್ಯುತ್ತು, ಸಾಲದ ಕಂತು ಮುಂತಾದ ಸ್ಥಿರ ವೆಚ್ಚದ ಪಾಲು 45. ಒಟ್ಟು 365. ಉಳಿಯುವುದು 35 ರೂಪಾಯಿ. ಬಳ್ಳಾರಿಯ ಸ್ಪರ್ಧೆಯಲ್ಲಿ ಇದು ಕೆಟ್ಟ ಲಾಭವೇನಲ್ಲ.

ಆ ಗಿರಾಕಿ ಮೊದಲು 45 ದಿನಕ್ಕೆ ಹಣ ಕೊಡುತ್ತಿದ್ದವರು, ಅವನ ಯಂತ್ರಗಳೆಲ್ಲ ತಮಗಾಗಿಯೇ ತಿರುಗುತ್ತಿವೆ ಎಂಬುದು ತಿಳಿದ ಮೇಲೆ ಮುದ್ದತನ್ನು 90 ದಿನಕ್ಕೆ ಎಳೆದರು. ಕೇಳಲು ಇದು ಕೇವಲ ವಿಳಂಬ. ಆದರೆ ತಿಂಗಳಿಗೆ 12 ಲಕ್ಷ 80 ಸಾವಿರದ ಮಾಲು ಕೊಡುವವನಿಗೆ ಹೆಚ್ಚಿನ 45 ದಿನವೆಂದರೆ 19 ಲಕ್ಷ 20 ಸಾವಿರ ರೂಪಾಯಿ ಹೊರಗೆ ಸಿಲುಕಿತೆಂದು ಅರ್ಥ. ಅಷ್ಟನ್ನು ಅವನು ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿಯಂತೆ ತಂದ. ಬಡ್ಡಿ 28,800, ಪ್ಯಾಂಟಿಗೆ 9 ರೂಪಾಯಿ. ಅನಂತರ ಪೈಪೋಟಿಯ ಕಾರಣ ಹೇಳಿ ದರದಲ್ಲಿ 15 ರೂಪಾಯಿ ಇಳಿಸಿದರು. ಆಮೇಲೆ ಬಣ್ಣ ಹೊಂದಲಿಲ್ಲ, ಹೊಲಿಗೆ ಸೊಟ್ಟ ಎಂದು ಪ್ರತಿ ಬಿಲ್ಲಿನಲ್ಲಿ ಸುಮಾರು ನೂರಕ್ಕೆ ಮೂರರಷ್ಟು ಕಡಿತದ ಡೆಬಿಟ್ ನೋಟು ಬರತೊಡಗಿತು; ಅದು ಮತ್ತೆ ಹೆಚ್ಚು ಕಡಿಮೆ 12 ರೂಪಾಯಿ. ಮೂರನ್ನೂ ಕೂಡಿಸಿದರೆ 36. ಲಾಭ 35 ಇದ್ದುದನ್ನು ವಾಚಕರು ಮರೆತಿರಲಾರರು.

ಗಿರಾಕಿ ಇನ್ನೂ ಕೈಬಿಟ್ಟಿರಲಿಲ್ಲ, ಯಂತ್ರಗಳು ಇನ್ನೂ ಓಡುತ್ತಿದ್ದವು, ಆದರೂ ಪ್ರತಿ ಪ್ಯಾಂಟಿಗೆ ಒಂದು ರೂಪಾಯಿ ನಷ್ಟ ನಡೆಯುತ್ತಿತ್ತು. ಮಾರಾಟದ ಮೊತ್ತ ದೊಡ್ಡದಾಗಿಯೇ ಕಾಣುತ್ತಿದ್ದುದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ. ವರ್ಷಾಂತ್ಯದ ಲೆಕ್ಕಪತ್ರದಲ್ಲಿ ಬರಬೇಕಾದ ಬಾಕಿ ಎಲ್ಲ ಸೇರಿ ಒಂದೇ ಸಾಲಿನಲ್ಲಿ ಬರುತ್ತದೆ. ಅದರಲ್ಲಿ ಒಬ್ಬರದೇ ಎಷ್ಟು ಎಂಬುದನ್ನು ಆ ಸಾಲು ಹೇಳುವುದಿಲ್ಲ.

ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಸಲ್ಲಿಸಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು ಎಂದು 2006ರ ಕಾಯಿದೆಯೇ ವಿಧಿಸಿದೆ. ಅವನ ಕಾರಖಾನೆಯ ನೋಂದಣಿಯೂ ಆಗಿತ್ತು. ನಾನು ಈ ಮಾತನ್ನು ಎತ್ತಿದಾಗ ಅವನು ತಲೆ ತಗ್ಗಿಸಿ, ‘ಮಾವ, ಬಡ್ಡಿ ಕೇಳಿದರೆ ನಾಳೆಯಿಂದ ಆರ್ಡರೇ ಇರೋದಿಲ್ಲ’ ಎಂದ. ಕಾನೂನು ಕೊಟ್ಟ ಹಕ್ಕನ್ನು ಚಲಾಯಿಸಲು ಇನ್ನೊಬ್ಬ ಗಿರಾಕಿ ಬೇಕು, ಅವನಿಗೆ ಅವನಿರಲಿಲ್ಲ.

2019ರಲ್ಲಿ ಆರ್ಡರು ನಿಂತಿತು. ಜಗಳವೇನೂ ಆಗಲಿಲ್ಲ, ಅವರು ಬೇರೆ ರಾಜ್ಯದಲ್ಲಿ ಹೊಲಿಸತೊಡಗಿದರಂತೆ. 800 ಪ್ಯಾಂಟುಗಳ ವ್ಯಾಪಾರ ಉಳಿಯಿತು. ಸ್ಥಿರ ವೆಚ್ಚವನ್ನು ಬಿಟ್ಟು ಒಂದರಲ್ಲಿ 80 ರೂಪಾಯಿಯಂತೆ ದೊರೆಯುವುದು 64,000. ಆದರೆ 4,000 ಪ್ಯಾಂಟುಗಳಿಗೆಂದು ಹಿಗ್ಗಿಸಿದ ಬಾಡಿಗೆ, ಕಂತು ಇತ್ಯಾದಿ ತಿಂಗಳಿಗೆ 1 ಲಕ್ಷ 80 ಸಾವಿರ ಹಾಗೆಯೇ ನಿಂತಿತ್ತು. ಯಂತ್ರಗಳನ್ನು ಮಾರಿದ. ಹನ್ನೆರಡು ಜನ ಕೆಲಸ ಕಳೆದುಕೊಂಡರು. ಅವರಲ್ಲಿ ಇಬ್ಬರು ನನ್ನ ಅಂಗಡಿಗೆ ಬಂದು ಕೆಲಸ ಕೇಳಿದಾಗ ನನಗೆ ಅವರ ಮುಖ ನೋಡುವುದು ಕಷ್ಟವಾಯಿತು.

ಇನ್ನು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ನನಗೆ ನಲವತ್ತು ಗಿರಾಕಿಗಳಿದ್ದರು. ಆದ್ದರಿಂದ ನಾನು ಸುರಕ್ಷಿತನೆಂದು ಭಾವಿಸಿದ್ದೆ. ಆ ಸಂಸ್ಥೆ ಹೋದ ತಿಂಗಳು ಒಂಬತ್ತು ಕಾರಖಾನೆಗಳಿಂದ ಬಾಕಿ ಬರುವುದು ನಿಂತಿತು. ಆ ಒಂಬತ್ತೂ ಅದೇ ಸಂಸ್ಥೆಗೆ ಹೊಲಿಯುತ್ತಿದ್ದವೆಂಬುದು ಅಂದು ತಿಳಿಯಿತು. ಹೆಸರು ಒಂಬತ್ತು, ಮೂಲ ಒಂದು.

ಈ ಪಾಠವನ್ನು ನಮ್ಮ ಜಿಲ್ಲೆ ಅದಕ್ಕೆ ಮೊದಲೇ ದೊಡ್ಡ ಅಕ್ಷರಗಳಲ್ಲಿ ಕಂಡಿತ್ತು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ ದಿನಗಳಲ್ಲಿ ಸಾಲ ಮಾಡಿ ಲಾರಿ ಕೊಂಡವರೆಷ್ಟೋ ಮಂದಿ. 2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರಿನ ರಫ್ತನ್ನು ತಡೆಯಿತು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನ್ಯಾಯಾಲಯದ ನಿಲುವು ನೆಲದ ಮೇಲಿನ ಅನ್ಯಾಯಕ್ಕೆ ಅವಶ್ಯವಾಗಿಯೇ ಇತ್ತು. ನನ್ನ ಮಾತು ಅದರ ಬಗೆಗಲ್ಲ. ಲಾರಿಯವನು ಹತ್ತು ಗಣಿಗಳಿಗೆ ಓಡಿಸುತ್ತಿದ್ದರೂ ಹತ್ತೂ ಒಂದೇ ದಿನ ಮುಚ್ಚಿದವು. ಭತ್ತ, ಸಿಮೆಂಟು ಸಾಗಿಸುವ ರೂಢಿಯಿದ್ದವರು ಹೇಗೋ ಕಂತು ಕಟ್ಟಿದರು.

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುವ ನನ್ನ ಭಾವನವರು ಯಾವ ಒಬ್ಬ ವ್ಯಾಪಾರಿಗೂ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಮಾಲು ಕೊಟ್ಟವರಲ್ಲ. ಅದಕ್ಕೂ ಬೆಲೆಯುಂಟು: ಸಣ್ಣ ಲೋಡುಗಳಿಗೆ ಸಾಗಣೆ ದುಬಾರಿ, ವಸೂಲಿಗೆ ಓಡಾಟ ಹೆಚ್ಚು, ವರ್ಷಕ್ಕೆ ಒಂದೆರಡು ಬಾಕಿ ಮುಳುಗುತ್ತವೆ. ‘ಅದು ನಾನು ಕಟ್ಟುವ ವಿಮೆ’ ಎನ್ನುತ್ತಾರೆ. ಹೊಸ ಉದ್ದಿಮೆಗೆ ಮಾತ್ರ ಈ ನಿಯಮ ಹೊಂದದು. ಮೊದಲಿಗೆ ಒಬ್ಬ ದೊಡ್ಡ ಗಿರಾಕಿ ಅನಿವಾರ್ಯವೇ. ಅವರಿಗಾಗಿ ಸಾಲದ ಯಂತ್ರ ತರದಿರುವುದು, ಬಾಡಿಗೆಗೆ ಅಥವಾ ಹೊರಗಿನ ಹೊಲಿಗೆಗೆ ಕೊಡುವುದು ಆಗ ಸಾಧ್ಯ.

2021ರಲ್ಲಿ ಸೋದರಳಿಯ ಮತ್ತೆ ಎದ್ದು ನಿಂತ. ಈ ಸಲ ಆನ್‌ಲೈನ್ ಮಾರಾಟ ತಾಣವೊಂದರ ಮೂಲಕ. ಸಾವಿರಾರು ಜನ ಕೊಳ್ಳುತ್ತಾರೆ, ಇನ್ನೇನು ಭಯ ಎಂದುಕೊಂಡ. ಆದರೆ ಆ ಸಾವಿರಾರು ಜನರ ವಿಳಾಸವಾಗಲಿ ದೂರವಾಣಿಯಾಗಲಿ ಅವನ ಬಳಿ ಇರಲಿಲ್ಲ. ಅವರು ತಾಣದ ಗಿರಾಕಿಗಳು. ಹಿಂದಿರುಗಿದ ಮಾಲಿನ ಪ್ರಮಾಣ ಮಿತಿ ಮೀರಿತೆಂದು ಒಮ್ಮೆ ಅವನ ಖಾತೆಯನ್ನು ಹನ್ನೊಂದು ದಿನ ತಡೆಹಿಡಿದರು. ಕೇಳಲು ಕಚೇರಿಯಿಲ್ಲ, ಮನುಷ್ಯರಿಲ್ಲ. ಅಳತೆಯ ಪಟ್ಟಿಯಲ್ಲಿ ಸೊಂಟದ ಅಂಕಿ ತಪ್ಪಾಗಿತ್ತೆಂಬುದನ್ನು ಅವನೇ ಕಂಡುಹಿಡಿದ. ಹಿಂದಿನ ಸಂಸ್ಥೆಯವರಾದರೆ ಫೋನಿನಲ್ಲಾದರೂ ಸಿಗುತ್ತಿದ್ದರು.

ಆ ಹನ್ನೊಂದು ದಿನಗಳಲ್ಲಿ ಅವನು ನನ್ನ ಬಳಿ ಕುಳಿತು ಒಂದು ಪುಟ ಬರೆದ. ಪ್ರತಿ ತಿಂಗಳು ಅತಿ ದೊಡ್ಡ ಗಿರಾಕಿಯ ಪಾಲು ಎಷ್ಟು. ಅವನಿಂದ ಹಣ ಬರಲು ಎಷ್ಟು ದಿನ. ಕಡಿತ, ಬಡ್ಡಿ, ಸಾಗಣೆ ಎಲ್ಲ ತೆಗೆದು ಅವನಲ್ಲಿ ಉಳಿದದ್ದು ಎಷ್ಟು. ಅವನ ಬಾಕಿ ನಮ್ಮ ಸ್ವಂತ ಬಂಡವಾಳವನ್ನು ಮೀರಿದೆಯೇ. 2018ರ ಪುಸ್ತಕ ತೆಗೆದು ಇದನ್ನೇ ಬರೆದು ನೋಡಿದೆವು. ಬಂಡವಾಳ 25 ಲಕ್ಷ, ಒಬ್ಬರ ಬಾಕಿ 38 ಲಕ್ಷ 40 ಸಾವಿರ. ವರ್ಷ ಮೊದಲೇ ಕಾಣುತ್ತಿತ್ತು.

ಈಗ ರಾಯಚೂರು, ಕರ್ನೂಲು, ಹುಬ್ಬಳ್ಳಿಗಳ ಅಂಗಡಿಗಳಿಗೂ ಅವನ ಮಾಲು ಹೋಗುತ್ತದೆ. ಕಳೆದ ತಿಂಗಳ ಪುಟದಲ್ಲಿ ತಾಣದ ಪಾಲು ನೂರಕ್ಕೆ 38 ಎಂದಿತ್ತು. ಇನ್ನೂ ಇಳಿಯಬೇಕೆಂದೆ. ‘ದೀಪಾವಳಿ ಕಳೀಲಿ ಮಾವ, ಇಳಿಸ್ತೀನಿ’ ಎಂದ. ಮುಂದಿನ ತಿಂಗಳ ಪುಟವನ್ನು ಕಾಯುತ್ತಿದ್ದೇನೆ.